ಸೋಲಾರ್ ಲೈನಿಗೆ ಕಪ್ಪು ಫೋಮ್ ಸುತ್ತುವ ಮುಂಚೆ ಪೈಪಿನ ನಂಬರ್ ಓದಿ

ಕೋಲಾರದ ಕಡೆ ಮನೆ ಕಟ್ಟಿಸುತ್ತಿರುವವರು, ಟೆರೇಸ್ ಮೇಲೆ ಸೋಲಾರ್ ಕೂರಿಸುವವರು ಇದನ್ನು ಓದಿ. ಬಿಸಿನೀರಿನ ಲೈನಿಗೆ ಶಾಖ ತಡೆಯುವ ಸಿಪಿವಿಸಿ ಪೈಪ್ ಅಂತ ಬಿಲ್ ಮಾಡಿ, ತಣ್ಣೀರಿನ ಯುಪಿವಿಸಿ ಜೋಡಿಸಿ ಹೋದ ಕಂಟ್ರಾಕ್ಟರ್ ಕೈಯಲ್ಲಿ ನಾವು ಸಿಕ್ಕಿಕೊಂಡ ಕಥೆ ಇದು.

ಏಪ್ರಿಲ್ ಬಿಸಿಲು. ಮನೆಮಂದಿಯೆಲ್ಲ ಮುಳಬಾಗಿಲಿಗೆ ಮದುವೆಗೆ ಹೋಗಿದ್ದೆವು. ಪಕ್ಕದ ಮನೆ ಹುಡುಗ ಫೋನ್ ಮಾಡಿದ: “ಅಣ್ಣಾ, ನಿಮ್ಮ ಟೆರೇಸಿಂದ ನೀರು ಸುರೀತಿದೆ, ಹಬೆ ಬೇರೆ ಏಳ್ತಿದೆ.” ಬಂದು ನೋಡಿದರೆ ಸೋಲಾರ್ ಟ್ಯಾಂಕಿನ ಔಟ್‌ಲೆಟ್ ಹತ್ತಿರದ ಮೊದಲನೇ ಎಲ್ಬೋ ಕಳಚಿಕೊಂಡಿತ್ತು. ಬಿಸಿನೀರಿನ ಹಿಂದೆಯೇ ಓವರ್‌ಹೆಡ್ ಟ್ಯಾಂಕಿನ ನೀರೂ ಖಾಲಿ. ಅದು ಟ್ಯಾಂಕರ್‌ಗೆ ದುಡ್ಡು ಕೊಟ್ಟು ತುಂಬಿಸಿದ ನೀರು, ಹೊಟ್ಟೆ ಉರಿಯದೇ ಇರುತ್ತಾ? ಆ ಹೊತ್ತಿಗೆ ಕೆಳಗೆ ಯಾರೂ ನಿಂತಿರಲಿಲ್ಲ, ಅದೊಂದೇ ಪುಣ್ಯ.

ಫೋಮ್ ಸೀಳಿ ತೆಗೆದಾಗ ಒಳಗೆ ಬಿಳಿ ಪೈಪ್. ಎರಡು ಕ್ಲಾಂಪುಗಳ ನಡುವೆ ಹೊಟ್ಟೆ ಬಿಟ್ಟು ಜೋತು ಬಿದ್ದಿತ್ತು. ಮೈಮೇಲೆ ಐಎಸ್ 4985 ಅಂತ ಅಚ್ಚು. ಅದು ತಣ್ಣೀರಿನ ಯುಪಿವಿಸಿ ಪೈಪಿನ ನಂಬರ್. 45 ಡಿಗ್ರಿ ದಾಟಿದ ನೀರು ಅದಕ್ಕೆ ಆಗುವುದಿಲ್ಲ. ಸಿಪಿವಿಸಿ ಮೇಲೆ ಐಎಸ್ 15778 ಅಂತ ಇರಬೇಕು. ಸಿಪಿವಿಸಿ ಸಾಮಾನ್ಯವಾಗಿ ಕೆನೆ ಬಣ್ಣದ್ದು, ಆದರೆ ಬಣ್ಣ ನೋಡಿ ಒಪ್ಪಿಕೊಳ್ಳಬೇಡಿ, ನಂಬರನ್ನೇ ಓದಿ. ಫೋಮ್ ಸುತ್ತಿದ ಮೇಲೆ ಎರಡೂ ಒಂದೇ ತರ ಕಾಣುತ್ತವೆ.

ಕಂಟ್ರಾಕ್ಟರ್ “ಪ್ರೆಶರ್ ಜಾಸ್ತಿ ಆಗಿರಬೇಕು ಸಾರ್” ಅಂದರು. ನಮ್ಮಲ್ಲಿ ಪ್ರೆಶರ್ ಪಂಪೇ ಇಲ್ಲ. ನೀರಿನ ಮಟ್ಟ ಹತ್ತಡಿ ಮೇಲಿದ್ದರೂ ಸಿಗುವ ಒತ್ತಡ 0.3 ಬಾರ್ ಅಷ್ಟೇ. ಪೈಪ್ ಸೋತಿದ್ದು ಶಾಖಕ್ಕೆ. ದಿನಾ ಸ್ನಾನಕ್ಕೆ ಬಿಟ್ಟುಕೊಂಡರೆ ಟ್ಯಾಂಕಿಗೆ ತಣ್ಣೀರು ಸೇರಿ ಬಿಸಿ ಹಿಡಿತದಲ್ಲಿರುತ್ತದೆ. ಮನೆಗೆ ಬೀಗ ಹಾಕಿ ಹೋದಾಗ ನಿನ್ನೆಯ ಬಿಸಿಯ ಮೇಲೆ ಇವತ್ತಿನ ಬಿಸಿಲು ಸೇರುತ್ತಾ ಹೋಗುತ್ತದೆ. ಗಾಜಿನ ಟ್ಯೂಬಿನ ಸೋಲಾರ್ ಆದರೆ ನೀರು ಕುದಿಯುವ ಹತ್ತಿರಕ್ಕೂ ಬರಬಹುದು.

ಹಾಗಾಗಿ ಅಸಲಿ ಸಿಪಿವಿಸಿಯನ್ನೂ ನೇರವಾಗಿ ಟ್ಯಾಂಕಿನ ಬಾಯಿಗೆ ಕೊಡಬಾರದು. ಅದರ ಮಿತಿ ಸುಮಾರು 93 ಡಿಗ್ರಿ. ಅಲ್ಲಿಯವರೆಗೂ ಪೂರ್ತಿ ಬಲ ಇರುತ್ತೆ ಅಂತಲ್ಲ. 82 ಡಿಗ್ರಿಗೆ ಬರುವಾಗಲೇ ತಣ್ಣಗಿದ್ದಾಗ ತಡೆಯುತ್ತಿದ್ದ ಒತ್ತಡದ ಕಾಲು ಭಾಗ ಮಾತ್ರ ತಡೆಯುತ್ತದೆ. 50 ವರ್ಷ ಬಾಳಿಕೆ ಅನ್ನೋ ಮಾತು ಈ ಮಿತಿಯೊಳಗೆ ಬಳಸಿದರೆ ಮಾತ್ರ.

ಪರಿಚಯದ ಮೇಸ್ತ್ರಿ “ಜಿಐ ಹಾಕಿಬಿಡಿ, ತಲೆನೋವೇ ಇರಲ್ಲ” ಅಂದರು. ನಮ್ಮ ಬೋರ್‌ವೆಲ್ ನೀರಿಗೆ ಸತು ಲೇಪಿಸಿದ ಆ ಕಬ್ಬಿಣದ ಪೈಪ್ ಬೇರೆ ತಲೆನೋವು. ಗಡಸು ನೀರು ಬಿಸಿಯಾದಷ್ಟೂ ಒಳಗೆ ಉಪ್ಪು ಕಟ್ಟುತ್ತದೆ. ನಮ್ಮ ಹಳೇ ಮನೆಯ ಅರ್ಧ ಇಂಚಿನ ಜಿಐ ಪೈಪ್ ಕತ್ತರಿಸಿದಾಗ ಪೆನ್ಸಿಲ್ ತೂರುವಷ್ಟೇ ತೂತು ಉಳಿದಿತ್ತು. 60 ಡಿಗ್ರಿ ದಾಟಿದ ನೀರಲ್ಲಿ ಸತುವಿನ ಲೇಪನವನ್ನೂ ನಂಬುವ ಹಾಗಿಲ್ಲ, ಕಬ್ಬಿಣವನ್ನು ಕಾಯುವ ಬದಲು ತಿರುಗಿಬೀಳಬಹುದು. ಒಳ್ಳೇ ನೀರಿಗೆ ದಶಕಗಟ್ಟಲೆ ಬರುವ ಜಿಐ ಇಂಥ ಕಡೆ ಬೇಗ ಕೈಕೊಡುತ್ತದೆ.

ತಾಮ್ರಕ್ಕೆ ಈ ಶಾಖ ಲೆಕ್ಕಕ್ಕೇ ಇಲ್ಲ, ಆದರೆ ಮನೆಪೂರ್ತಿ ಹಾಕುವ ರೇಟಲ್ಲ. ಅದಕ್ಕೆ ಟ್ಯಾಂಕಿನಿಂದ ಮೂರಡಿ ತಾಮ್ರ, ಅಲ್ಲಿಂದ ಹಿತ್ತಾಳೆ ಕಪ್ಲಿಂಗ್, ಆಮೇಲೆ ಸಿಪಿವಿಸಿ ಅಂತ ಮಾಡಿಸಿದೆವು. ತಾಮ್ರ ಬೆಸೆಯುವ ಪ್ಲಂಬರ್ ಸಿಗಲಿಲ್ಲ, ಎಸಿ ರಿಪೇರಿ ಹುಡುಗ ಬಂದು ಬೆಸೆದುಕೊಟ್ಟ. ನೀವು ಹೀಗೆ ಮಾಡಿಸಿದರೆ ತಾಮ್ರ ದಾಟಿ ಬಂದ ನೀರು ಮುಂದೆ ಜಿಐಗೆ ಹೋಗದಂತೆ ನೋಡಿಕೊಳ್ಳಿ. ಕರಗಿ ಬರುವ ತಾಮ್ರ ಜಿಐ ಒಳಗೆ ಕುಳಿತು ತೂತು ಮಾಡುತ್ತದೆ.

ಕ್ಲಾಂಪ್ ವಿಷಯದಲ್ಲೂ ಹಳೇ ಕೆಲಸ ಕೆಟ್ಟದಾಗಿತ್ತು. ಆರು ಮೀಟರ್ ಸಿಪಿವಿಸಿ ಪೈಪ್ 25 ಡಿಗ್ರಿಯಿಂದ 75ಕ್ಕೆ ಕಾದರೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಉದ್ದ ಆಗುತ್ತದೆ. ಯುಪಿವಿಸಿಯೂ ಹಾಗೇ ಹಿಗ್ಗುತ್ತದೆ. ಬಿಗಿಯಾಗಿ ಕಚ್ಚಿಸಿದರೆ ಆ ಉದ್ದಕ್ಕೆ ಜಾಗ ಇಲ್ಲದೆ ಎಲ್ಬೋ ಮೇಲೆ ಒತ್ತುತ್ತದೆ. ಈ ಸಲ ಪೈಪ್ ಜಾರುವಷ್ಟು ಸಡಿಲ ಬಿಟ್ಟು, ನಡುವೆ ಒಂದು ಯು ಆಕಾರದ ಬಳಸು ಕೊಡಿಸಿದೆವು. ಅಂಟೂ ಸಿಪಿವಿಸಿಯದ್ದೇ. ಮಾಮೂಲಿ ಪಿವಿಸಿ ಅಂಟು ಬಿಸಿನೀರಿಗೆ ನಿಲ್ಲಲ್ಲ.

ಗೋಡೆಯೊಳಗಿನ ಲೈನ್ ಮೇಲೂ ಅನುಮಾನ ಬಂದು, ಬಾತ್‌ರೂಮಿನ ಬಿಸಿನೀರಿನ ಆಂಗಲ್ ಕಾಕ್ ಪಕ್ಕದ ಒಂದು ಟೈಲ್ ಒಡೆಸಿದೆವು. 15778 ಕಾಣಿಸಿತು. ಕಂಟ್ರಾಕ್ಟರ್ ಟೆರೇಸಿನ ಪೈಪಿನ ದುಡ್ಡು ವಾಪಸ್ ಕೊಟ್ಟರು. ಒಡೆದ ಟೈಲ್, ಟ್ಯಾಂಕರ್ ನೀರು ನಮ್ಮ ಖರ್ಚು.