ಕಂತು ನಿಲ್ಲಿಸಿ ಅನ್ನುವುದೋ, ಇಳಿಸಿ ಅನ್ನುವುದೋ?

ಕೆಲಸ ಹೋಗಿದೆ, ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಏನು ಕೇಳಲಿ ಅಂದಿರಿ. ಗೃಹಸಾಲ 20 ಲಕ್ಷ, ಬಡ್ಡಿ ಶೇ. 9, ಇನ್ನು 15 ವರ್ಷ ಬಾಕಿ ಅಂದುಕೊಳ್ಳಿ. ಕಂತು ಸುಮಾರು 20,285 ರೂಪಾಯಿ.

ಅವಧಿಯನ್ನು 20 ವರ್ಷಕ್ಕೆ ಎಳೆದರೆ ಕಂತು 17,995ಕ್ಕೆ ಇಳಿಯುತ್ತದೆ, ಅಷ್ಟೇ. ಸಂಬಳವೇ ಇಲ್ಲದವರಿಗೆ ಇದರಿಂದೇನು ಬಂತು? ಕಡಿಮೆ ಸಂಬಳದ ಹೊಸ ಕೆಲಸ ಸಿಕ್ಕವರಿಗಾದರೆ ಸರಿ.

ಮೂರು ತಿಂಗಳು ಕಂತೇ ನಿಂತರೆ ಉಸಿರಾಡಬಹುದು. ಆದರೆ ಬಡ್ಡಿ ನಿಲ್ಲುವುದಿಲ್ಲ, ಸುಮಾರು 45,300 ಅಸಲಿಗೆ ಸೇರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ, ತಿಂಗಳಿಗೆ 15,000 ಬಡ್ಡಿ ಮಾತ್ರ ಕಟ್ಟುತ್ತೇನೆ ಎಂದು ಬರೆಯಿರಿ. ಆಗ ಸಾಲ ಬೆಳೆಯುವುದಿಲ್ಲ.

ಯಾವುದನ್ನೇ ಕೇಳಿ, ಕಂತು ತಪ್ಪುವ ಮೊದಲೇ ಪತ್ರ ಕೊಡಿ. ಕೆಲಸದಿಂದ ತೆಗೆದ ಪತ್ರದ ಪ್ರತಿಯೂ ಜೊತೆಗಿರಲಿ. ಬ್ಯಾಂಕ್ ಒಪ್ಪಲೇಬೇಕು ಅಂತೇನಿಲ್ಲ, ಅಲ್ವಾ? ಲಿಖಿತ ಒಪ್ಪಿಗೆ ಬರುವವರೆಗೆ ಹಳೆಯ ಕಂತೇ ಲೆಕ್ಕ.