ಫೋರ್ಕ್ ಆಯಿಲ್: 10W ಸಾಕೇ, 15W ಬೇಕೇ?

ದಿನಾ ಬೈಕಿನಲ್ಲಿ ಉಡುಪಿಯಿಂದ ಮಣಿಪಾಲಕ್ಕೆ ಒಬ್ಬರೇ ಹೋಗಿ ಬರುವವರಿಗೆ ಮುಂದಿನ ಫೋರ್ಕಿಗೆ ಕಂಪನಿ ಹೇಳಿದ ಎಣ್ಣೆಯ ಗ್ರೇಡೇ ಒಳ್ಳೆಯದು. ಅದು 10W ಆಗಿದ್ದರೆ ಸುಮ್ನೆ 15W ಹಾಕಬೇಡಿ. ಎಣ್ಣೆ ದಪ್ಪವಾದಷ್ಟೂ ಫೋರ್ಕ್ ನಿಧಾನವಾಗಿ ಮೇಲೇಳುತ್ತದೆ. ಸಾಲು ಹೊಂಡಗಳಲ್ಲಿ ಅದು ಪೂರ್ತಿ ಏಳುವ ಮೊದಲೇ ಮುಂದಿನ ಹೊಂಡ ಬರುತ್ತದೆ, ಏಟು ಕೈಗೆ ಬೀಳುತ್ತದೆ.

ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಜಾಸ್ತಿ ಹತ್ತಿಳಿಯುವವರ ಕಥೆ ಬೇರೆ. ಹಂಪ್ ದಾಟಿದ ಮೇಲೂ ಮುಂಭಾಗ ಎರಡು ಮೂರು ಸಲ ಕುಣಿದರೆ 15W ಹಿಡಿತ ಕೊಡುತ್ತದೆ. ಆದರೆ ಸ್ಪ್ರಿಂಗ್ ಸೋತು ಫೋರ್ಕ್ ತಗ್ಗಿದ್ದರೆ ದಪ್ಪ ಎಣ್ಣೆ ಅದನ್ನು ಎತ್ತುವುದಿಲ್ಲ. ಇನ್ನೊಂದು ಮಾತು, ಒಂದು ಕಂಪನಿಯ 10W ಇನ್ನೊಂದರ 10W ಅಷ್ಟೇ ದಪ್ಪ ಇರಬೇಕೆಂದಿಲ್ಲ. 40 ಡಿಗ್ರಿಯಲ್ಲಿ ಎಣ್ಣೆಯ ದಪ್ಪ ಎಷ್ಟು cSt ಎಂದು ನೋಡಿ ಹೋಲಿಸಿ.

ಪ್ರಮಾಣದಲ್ಲೇ ಹೆಚ್ಚು ಜನ ಎಡವುತ್ತಾರೆ. ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಬಿಚ್ಚಿ ಒಣಗಿಸಿದ ಫೋರ್ಕಿನ ಅಳತೆ ಇದ್ದರೆ, ಬರೀ ಎಣ್ಣೆ ಸೋರಿಸಿದ ಫೋರ್ಕ್ ಕಾಲಿಗೆ ಅಷ್ಟೇ ಹಾಕಿದಾಗ ಹೆಚ್ಚಾಗುತ್ತದೆ. ಒಳಗೆ ಸ್ವಲ್ಪ ಹಳೆ ಎಣ್ಣೆ ಉಳಿದಿರುತ್ತದೆ ಅಲ್ವಾ? ಪೈಪಿನ ಒಳ ಅಗಲ 30 ಮಿ.ಮೀ. ಇದ್ದರೆ, 10 ಮಿ.ಲೀ. ಹೆಚ್ಚಾದರೂ ಮಟ್ಟ ಸುಮಾರು 14 ಮಿ.ಮೀ. ಏರುತ್ತದೆ. ಮೇಲಿನ ಗಾಳಿಯ ಜಾಗ ಕಡಿಮೆಯಾಗಿ ಫೋರ್ಕ್ ಕೊನೆಯಲ್ಲಿ ಗಟ್ಟಿಯಾಗುತ್ತದೆ, ಸೀಲ್ ಮೇಲೆ ಒತ್ತಡವೂ ಜಾಸ್ತಿ.

ಮ್ಯಾನ್ಯುಯಲ್‌ನಲ್ಲಿ ಮಟ್ಟ ಕೊಟ್ಟಿದ್ದರೆ ನಾನು ಅದನ್ನೇ ನಂಬುತ್ತೇನೆ. ಸಾಮಾನ್ಯವಾಗಿ ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ, ನೆಟ್ಟಗೆ ನಿಲ್ಲಿಸಿ ಅಳೆಯಬೇಕು. ಅದಕ್ಕೂ ಮೊದಲು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಗುಳ್ಳೆ ಹೋಗಲು ಬಿಡಿ. ಎರಡೂ ಕಾಲಿಗೆ ಬೇರೆ ಬೇರೆ ಅಳತೆ ಹೇಳಿಲ್ಲದಿದ್ದರೆ ಮಟ್ಟ ಒಂದೇ ಇರಲಿ.