ಕಿಚನ್ ಕ್ಲೀನಿಂಗ್‌ನವರು ನಮ್ಮ ಲ್ಯಾಮಿನೇಟ್ ಹಾಳು ಮಾಡಿದರು, ನೀವು ಹುಷಾರಾಗಿರಿ

ಕ್ಯಾಬಿನೆಟ್ ಬಾಗಿಲಿನ ಜಿಡ್ಡು ತೆಗೆಸೋಕೆ ಜನ ಕರೆಸುತ್ತಿದ್ದೀರಾ? ಮೊದಲು ಇದನ್ನು ಓದಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಮ್ಮದು ಕಾಫಿ ಬಣ್ಣದ ಹೊಳಪಿನ ಲ್ಯಾಮಿನೇಟ್. ಒಲೆ ಮೇಲಿನ ಬಾಗಿಲುಗಳಿಗೆ ಒಗ್ಗರಣೆ ಹೊಗೆ ಕೂತು ಕೂತು ಅಂಟಾಗಿತ್ತು. ಬಂದ ಹುಡುಗರ ಬಾಟಲಿಗೆ ಲೇಬಲ್ಲೇ ಇರಲಿಲ್ಲ. ‘ಲ್ಯಾಮಿನೇಟ್‌ಗೆ ಇದು ಆಗುತ್ತಾ?’ ಎಂದು ಕೇಳಿದೆ. ‘ಎಲ್ಲದಕ್ಕೂ ಇದೇ ಮೇಡಂ, ಏನೂ ಆಗಲ್ಲ’ ಅಂದರು. ಸ್ಟೀಲ್ ಸ್ಕ್ರಬ್ಬರ್ ಬೇಡ ಅಂದೆ. ‘ಮೆಲ್ಲಗೆ ಉಜ್ತೀವಿ’ ಅಂದರು. ಮೆಲ್ಲಗಂತೆ!

ಕೆಲಸ ಮುಗಿದಾಗ ಬಾಗಿಲು ಫಳಫಳ ಅಂತಿತ್ತು. ಮೋಸ ಆಗಿದ್ದೇ ಅಲ್ಲಿ. ಮೇಲ್ಮೈ ಒದ್ದೆ ಇರುವಾಗ ನೀರು ಗೀರುಗಳಲ್ಲಿ ತುಂಬಿಕೊಂಡು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆ ತೇವ ಆರುವ ಮೊದಲೇ ದುಡ್ಡು ಇಸಕೊಂಡು, ಐದು ಸ್ಟಾರ್ ಹಾಕಿಸಿಕೊಂಡು ಹೊರಟುಬಿಟ್ಟರು. ಒಣಗಿದ ಮೇಲೆ ನೋಡಿದರೆ ಬಾಗಿಲ ತುಂಬ ಬಿಳಿ ಮಬ್ಬು, ಅರ್ಧಚಂದ್ರದಂಥ ಗೀರು. ಅಲ್ಯೂಮಿನಿಯಂ ಹಿಡಿಗಳು ಕಪ್ಪಾಗಿದ್ದವು. ಕಾಸ್ಟಿಕ್ ಸೋಡಾ ಇರುವ ದ್ರವ ತಗುಲಿದರೆ ಅಲ್ಯೂಮಿನಿಯಂ ಹೀಗೇ ಕೆಡುತ್ತದೆ. ಸಂಜೆ ಬಂದ ಅತ್ತೆಯ ಮುಂದೆ ತಲೆ ಎತ್ತೋಕೆ ಆಗಲಿಲ್ಲ.

ಫೋನ್ ಮಾಡಿದರೆ, ‘ಮೊದಲೇ ಹಾಗಿತ್ತು ಮೇಡಂ, ಜಿಡ್ಡು ಹೋಗಿದ್ದಕ್ಕೆ ಈಗ ಕಾಣ್ತಿದೆ’ ಅಂದರು. ಹಾಗಾದರೆ ಫ್ರಿಜ್ ಪಕ್ಕದ ಬಾಗಿಲಲ್ಲೂ ಅದೇ ಗೀರು ಯಾಕೆ? ಅಲ್ಲಿ ಜಿಡ್ಡೇ ಇರಲಿಲ್ಲ! ಫೋಟೋ ಕಳಿಸಿದೆ. ‘ನೀವು ಐದು ಸ್ಟಾರ್ ಕೊಟ್ಟಿದ್ದೀರಲ್ಲ’ ಅಂತ ಉತ್ತರ ಬಂತು. ಕೊನೆಗೆ ಮುಂದಿನ ಕ್ಲೀನಿಂಗ್‌ಗೆ ಕೂಪನ್ ಕೊಡ್ತಾರಂತೆ. ಇನ್ನೊಂದು ಸಲ ಅವರನ್ನೇ ಕರೆಸಬೇಕಾ?

ಲ್ಯಾಮಿನೇಟ್‌ನ ಹೊಳಪು ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಅದು ಸವೆದರೆ ಮರದ ಹಾಗೆ ಪಾಲಿಶ್ ಮಾಡಿ ವಾಪಸ್ ತರೋಕೆ ಆಗಲ್ಲ. ಬಾಗಿಲನ್ನೇ ಬದಲಿಸಬೇಕು ಅಂದರು ಕಾರ್ಪೆಂಟರ್.

ಅವರು ಮುಟ್ಟದೆ ಬಿಟ್ಟಿದ್ದ ಬಾಗಿಲುಗಳನ್ನು ಆಮೇಲೆ ನಾನೇ ಒರೆಸಿದೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದೆ. ಮೆತ್ತನೆ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಜಿಡ್ಡಿನ ಮೇಲೆ ಐದು ನಿಮಿಷ ಒತ್ತಿ ಹಿಡಿದೆ. ಹಳೆಯ ಜಿಡ್ಡು ಗಟ್ಟಿಯಾಗಿರುತ್ತದೆ, ಅದು ಮೊದಲು ನೆನೆಯಬೇಕು. ಆಮೇಲೆ ಉಜ್ಜದೆಯೇ ಒರೆಸಿದರೆ ಬರುತ್ತದೆ. ಬರದಿದ್ದರೆ ಮತ್ತೆ ನೆನೆಸಿ, ಜೋರು ಮಾಡಬೇಡಿ. ಸೋಡಾ ಪುಡಿ ಹಾಕಿಯೂ ತಿಕ್ಕಬೇಡಿ, ಹೊಳಪಿನ ಲ್ಯಾಮಿನೇಟ್‌ಗೆ ಅದೂ ಗೀರು ಬೀಳಿಸುತ್ತದೆ. ಕೊನೆಗೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆದು, ತಕ್ಷಣ ಒಣ ಬಟ್ಟೆಯಿಂದ ಒರೆಸಿ. ಅಂಚಿನ ಪಟ್ಟಿಯೊಳಗೆ ನೀರು ಇಳಿದರೆ ಪಟ್ಟಿ ಬಿಟ್ಟುಕೊಳ್ಳುತ್ತದೆ. ಹಿಡಿಗಳನ್ನು ಒಳಗಿನಿಂದ ಸ್ಕ್ರೂ ಬಿಚ್ಚಿ, ಅದೇ ಸೋಪಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸಾಕು.

ಕರೆಸಲೇಬೇಕು ಅಂದರೆ, ಅವರ ದ್ರವವನ್ನು ಮೊದಲು ಬಾಗಿಲಿನ ಒಳಗಡೆ ಮೂಲೆಗೆ ಹಚ್ಚಿಸಿ, ಒಣಗಿದ ಮೇಲೆ ನೋಡಿ. ಒಳಗೆ ಬೇರೆ ಲ್ಯಾಮಿನೇಟ್ ಇದ್ದರೆ ಹೊರಗಿನ ಕೆಳ ಅಂಚಲ್ಲಿ ನೋಡಿ. ಕೆಲಸ ಮುಗಿದ ಮೇಲೂ ಬಾಗಿಲು ಪೂರ್ತಿ ಒಣಗಲಿ, ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ನೋಡಿ. ಅಲ್ಲಿವರೆಗೂ ದುಡ್ಡೂ ಕೊಡಬೇಡಿ, ಸ್ಟಾರೂ ಹಾಕಬೇಡಿ, ಅವರು ಎಷ್ಟೇ ಅವಸರ ಮಾಡಲಿ.